ಮಹಡಿ ಮೇಲೊಂದು ಕೋಣೆ: ಕಾಂಟ್ರಾಕ್ಟರ್‌ಗೆ ಬಾಬ್ತುವಾರು ಎಸ್ಟಿಮೇಟ್ ಕೇಳುವ ಇಮೇಲ್ ಬರೆಯುವುದು ಹೇಗೆ

"ಸರ್, 12 ಬೈ 14 ರೂಮು, ಅಟ್ಯಾಚ್ ಬಾತ್‌ರೂಮು, ಮೆಟೀರಿಯಲ್ ಸೇರಿ ಒಟ್ಟು 5 ಲಕ್ಷ 40 ಸಾವಿರ. ಓಕೆ ಅಂದ್ರೆ ಸೋಮವಾರ ಕೆಲಸ ಶುರು."

ಮೈಸೂರಿನ ನಮ್ಮ ಮನೆಯ ಮೇಲೆ ಕೋಣೆ ಕಟ್ಟಿಸಲು ಹೊರಟಾಗ ನನಗೆ ಬಂದ ಮೊದಲ ಎಸ್ಟಿಮೇಟ್ ಇಷ್ಟೇ. ವಾಟ್ಸಾಪ್‌ನಲ್ಲಿ ಒಂದೂವರೆ ಸಾಲು. ಇನ್ನೊಬ್ಬರು 6 ಲಕ್ಷ 45 ಸಾವಿರ ಅಂದರು. ಮಧ್ಯೆ ಒಂದು ಲಕ್ಷದ ಐದು ಸಾವಿರ ವ್ಯತ್ಯಾಸ. ಮೊದಲನೆಯವರು ಕಡಿಮೆ ಹೇಳುತ್ತಿದ್ದಾರೋ, ಎರಡನೆಯವರು ಜಾಸ್ತಿ ಹೇಳುತ್ತಿದ್ದಾರೋ ಅಂತ ತಿಳಿಯಲು ದಾರಿಯೇ ಇರಲಿಲ್ಲ. ಯಾಕೆಂದರೆ ಇಬ್ಬರೂ ಏನೇನು ಸೇರಿಸಿದ್ದಾರೆ ಅಂತ ಇಬ್ಬರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ನಾನೇ ಒಂದು ಇಮೇಲ್ ಬರೆದು, ಜೊತೆಗೆ ಒಂದು ಪಟ್ಟಿ ಇಟ್ಟು, ಇಬ್ಬರಿಗೂ ಅದೇ ಪಟ್ಟಿ ಕಳಿಸಿ "ಇದರಲ್ಲಿ ದರ ತುಂಬಿಸಿ ಕೊಡಿ" ಅಂದೆ. ಆ ಇಮೇಲ್ ಹೇಗಿತ್ತು, ಅದನ್ನು ಬರೆಯುವ ಮುಂಚೆ ಏನು ಮಾಡಬೇಕು, ಉತ್ತರ ಬಂದಮೇಲೆ ಏನು ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಮೇಲ್‌ಗೆ ಮುಂಚೆ: ಕಂಬಿ ನೋಡಿ

ಹೊಸ ಸೈಟಿನಲ್ಲಿ ಮನೆ ಕಟ್ಟುವುದಕ್ಕೂ, ಇರುವ ಮನೆಯ ಮೇಲೆ ಕೋಣೆ ಏರಿಸುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಪಾಯ ಆಗಲೇ ಆಗಿಹೋಗಿದೆ. ಅದು ಎಷ್ಟು ಭಾರ ತಡೆಯುತ್ತದೆ ಅನ್ನುವುದು ಕಾಂಟ್ರಾಕ್ಟರ್ ಹೇಳಬೇಕಾದ ಮಾತಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕಾದದ್ದು. ಹಾಗಾಗಿ ಇಮೇಲ್ ಬರೆಯುವ ಮುಂಚೆಯೇ ಅವರನ್ನು ಒಮ್ಮೆ ಕರೆಸಿ.

ಅವರು ಮೊದಲು ನೋಡುವುದು ಮನೆ ಯಾವ ಥರದ್ದು ಅಂತ. ಹಳೇ ಮನೆಗಳಲ್ಲಿ ಕಂಬ ಇರುವುದಿಲ್ಲ, ಗೋಡೆಗಳೇ ಭಾರ ಹೊರುತ್ತವೆ. ಅಂಥ ಮನೆಯಲ್ಲಿ ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರಬೇಕು. ನಮ್ಮದು ಕಂಬದ ಮನೆ. ತಾರಸಿಯ ಮೇಲೆ ಮುಂದೆ ಬೇಕಾಗುತ್ತದೆ ಅಂತ ಕಂಬಿಗಳನ್ನು ಬಿಟ್ಟು, ಅವುಗಳ ಸುತ್ತ ತೆಳು ಕಾಂಕ್ರೀಟ್ ಹಾಕಿ ಮುಚ್ಚಿದ್ದರು. ನಾವೆಲ್ಲ ಅದರ ಮೇಲೆ ತುಳಸಿ ಕುಂಡ ಇಡುತ್ತಿದ್ದೆವು.

ಎಂಜಿನಿಯರ್ ಒಂದು ಕಂಬದ ಮುಚ್ಚಿಗೆ ಒಡೆಸಿ ನೋಡಿದರು. ಕಂಬಿಗೆ ತುಕ್ಕು ಮೇಲ್ಮೇಲೆ ಇತ್ತು, ವೈರ್ ಬ್ರಷ್‌ನಲ್ಲಿ ಉಜ್ಜಿದರೆ ಹೋಗುವಷ್ಟು. ಆದರೆ ಉದ್ದ ಸಾಲದಾಗಿತ್ತು. ಹಳೇ ಕಂಬಿಗೆ ಹೊಸ ಕಂಬಿ ಜೋಡಿಸುವಾಗ ಎರಡೂ ಒಂದರ ಪಕ್ಕ ಒಂದು ಸ್ವಲ್ಪ ದೂರ ಜೊತೆಯಾಗಿ ಹೋಗಬೇಕು. ಇದಕ್ಕೆ ಲ್ಯಾಪ್ ಅನ್ನುತ್ತಾರೆ. ಸಾಮಾನ್ಯವಾಗಿ ಕಂಬಿಯ ದಪ್ಪದ 50 ಪಟ್ಟು ಇಡುತ್ತಾರೆ. 12 ಎಂಎಂ ಕಂಬಿಗೆ ಅದು 600 ಎಂಎಂ, ಅಂದರೆ ಎರಡು ಅಡಿ. ನಮ್ಮಲ್ಲಿ ಎರಡು ಕಂಬಗಳಲ್ಲಿ ಒಂದೂವರೆ ಅಡಿ ಮಾತ್ರ ಇತ್ತು. ಅಲ್ಲಿ ಕಂಬದ ತಲೆಯನ್ನು ಸ್ವಲ್ಪ ಕೊರೆದು ಕಂಬಿ ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಡ್ರಿಲ್ ಮಾಡಿ ಕೆಮಿಕಲ್ ಹಾಕಿ ಹೊಸ ಕಂಬಿ ನೆಡಬೇಕು. ಎರಡಕ್ಕೂ ದುಡ್ಡು ಬೇಕು. ನನ್ನ ಪಟ್ಟಿಗೆ ಎಲ್ಲಕ್ಕಿಂತ ಮುಂಚೆ ಸೇರಿದ ಬಾಬ್ತು ಇದೇ. ವಾಟ್ಸಾಪ್‌ನ ಒಂದೂವರೆ ಸಾಲಿನಲ್ಲಿ ಇದು ಖಂಡಿತ ಇರಲಿಲ್ಲ.

ಎಂಜಿನಿಯರ್ ಕೈಯಿಂದ ಎರಡು ಕಾಗದ ತೆಗೆದುಕೊಳ್ಳಿ. ಒಂದು, ಕಂಬ, ಬೀಮ್, ಸ್ಲ್ಯಾಬ್‌ನ ಅಳತೆ ಇರುವ ಡ್ರಾಯಿಂಗ್. ಇನ್ನೊಂದು, ಎಷ್ಟು ಕೆಜಿ ಕಂಬಿ ಬೇಕು ಅನ್ನುವ ಲೆಕ್ಕ. ಇದಕ್ಕೆ ಅವರು ಬಾರ್ ಬೆಂಡಿಂಗ್ ಶೆಡ್ಯೂಲ್ ಅನ್ನುತ್ತಾರೆ. ನಮ್ಮ ಕೋಣೆಗೆ ಸುಮಾರು 700 ಕೆಜಿ ಅಂತ ಬಂತು. ಪಾಲಿಕೆಯ ಪರವಾನಗಿಗೆ ಬೇಕಾದ ಪ್ಲಾನ್ ಕೂಡ ಇದೇ ಹೊತ್ತಿಗೆ ಮಾಡಿಸಿಕೊಳ್ಳಿ. ಪರವಾನಗಿ ಖರ್ಚನ್ನು ನಾನು ನನ್ನ ಹತ್ತಿರವೇ ಇಟ್ಟುಕೊಂಡೆ, ಕಾಂಟ್ರಾಕ್ಟರ್ ಲೆಕ್ಕಕ್ಕೆ ಸೇರಿಸಲಿಲ್ಲ.

ತಾರಸಿಗೆ ಹತ್ತಿ, ಒಂದು ಸುತ್ತು ಹಾಕಿ

ಒಂದು ನೋಟ್‌ಬುಕ್, ಒಂದು ಟೇಪು ಹಿಡಿದು ಮೇಲೆ ಹೋಗಿ. ಹೊಸದಾಗಿ ಏನು ಕಟ್ಟಬೇಕು ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ನೀವು ಬರೆಯಬೇಕಾದದ್ದು ಏನು ಒಡೆಯಬೇಕು, ಏನು ಸರಿಸಬೇಕು ಅನ್ನುವುದನ್ನು. ಎಸ್ಟಿಮೇಟ್‌ನಲ್ಲಿ ತಪ್ಪಿಹೋಗುವುದು ಇವೇ.

ನಮ್ಮ ತಾರಸಿಯಲ್ಲಿ ಕೋಣೆ ಬರುವ ಜಾಗದಲ್ಲಿ ಎರಡು ಬದಿ ಪ್ಯಾರಪೆಟ್ ಗೋಡೆ ಇತ್ತು. ಅದನ್ನು ಒಡೆಯಬೇಕು, ಕಸವನ್ನು ಕೆಳಗೆ ಇಳಿಸಬೇಕು, ಟ್ರ್ಯಾಕ್ಟರ್‌ನಲ್ಲಿ ಸಾಗಿಸಬೇಕು. ಒಂದು ಮೂಲೆಯಲ್ಲಿ 1000 ಲೀಟರ್ ನೀರಿನ ಟ್ಯಾಂಕ್, ಅದರ ಪಕ್ಕ ಸೋಲಾರ್ ಹೀಟರ್. ಎರಡೂ ಹೊಸ ಕೋಣೆಯ ತಲೆ ಮೇಲೆ ಹೋಗಬೇಕು. 1000 ಲೀಟರ್ ನೀರು ಅಂದರೆ ಒಂದು ಟನ್ ಭಾರ. ಆ ಭಾರ ಎಲ್ಲಿ ಕೂರುತ್ತದೆ ಅಂತ ಎಂಜಿನಿಯರ್ ಡ್ರಾಯಿಂಗ್‌ನಲ್ಲೇ ಗುರುತು ಹಾಕಿಸಿ. ಟ್ಯಾಂಕ್ ಮೇಲೆ ಹೋದರೆ ಪೈಪೂ ಉದ್ದವಾಗುತ್ತದೆ. ಕೆಲಸ ನಡೆಯುವ ಎರಡು ಮೂರು ತಿಂಗಳು ಮನೆಗೆ ನೀರು ಎಲ್ಲಿಂದ ಬರುತ್ತದೆ? ತಾತ್ಕಾಲಿಕವಾಗಿ ಟ್ಯಾಂಕ್ ಒಮ್ಮೆ ಪಕ್ಕಕ್ಕೆ ಸರಿಸಬೇಕು, ಆಮೇಲೆ ಮತ್ತೆ ಮೇಲಕ್ಕೆ. ಎರಡು ಸಲದ ಕೆಲಸ.

ತಾರಸಿಯ ನೆಲದ ಮೇಲೆ ನೀರು ಹರಿಯಲು ಇಳಿಜಾರಿನ ಗಾರೆ ಹಾಕಿರುತ್ತಾರೆ. ಕೋಣೆಯ ಒಳಗೆ ಟೈಲ್ಸ್ ಮಟ್ಟವಾಗಿ ಬರಬೇಕಾದರೆ ಅದನ್ನು ಕೆತ್ತಬೇಕು, ಇಲ್ಲವೇ ಅದರ ಮೇಲೆ ತುಂಬಿಸಬೇಕು. ಕೆತ್ತಿದ ದಿನದಿಂದ ಹೊಸ ಮೋಲ್ಡ್ ಬೀಳುವವರೆಗೆ ಕೆಳಗಿನ ಮನೆಯ ತಾರಸಿಗೆ ರಕ್ಷಣೆ ಇಲ್ಲ. ಮಳೆ ಬಂದರೆ ಹಾಲ್‌ನ ಸೀಲಿಂಗ್‌ನಲ್ಲಿ ಕಲೆ ಕಾಣಿಸುತ್ತದೆ. ಕೆಳಗೆ ಹಾಳಾದರೆ ರಿಪೇರಿ ಯಾರ ಖರ್ಚು? ಇದನ್ನೂ ನೋಟ್‌ಬುಕ್‌ಗೆ ಬರೆದುಕೊಂಡೆ.

ಸುತ್ತು ಹಾಕುವಾಗಲೇ ಫೋಟೊ ತೆಗೆದುಕೊಳ್ಳಿ. ನಾಲ್ಕೈದು ಸಾಕು: ಕೋಣೆ ಬರುವ ಜಾಗ, ಕಂಬಿಗಳು, ಟ್ಯಾಂಕ್, ಮೆಟ್ಟಿಲು, ಮನೆ ಮುಂದಿನ ರಸ್ತೆ. ರಸ್ತೆಯ ಫೋಟೊ ಯಾಕೆ ಅಂದರೆ, ಲಾರಿ ಮನೆ ತನಕ ಬರುತ್ತದೋ ಇಲ್ಲವೋ, ಜಲ್ಲಿ ಎಲ್ಲಿ ಸುರಿಯುತ್ತಾರೆ, ಮೇಲಕ್ಕೆ ಹೇಗೆ ಸಾಗಿಸುತ್ತಾರೆ ಅನ್ನುವುದರ ಮೇಲೆ ಕೂಲಿ ನಿಲ್ಲುತ್ತದೆ.

ಬಾತ್‌ರೂಮ್ ಇದ್ದರೆ ಇಲ್ಲಿ ನಿಲ್ಲಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಲೆ ತಿನ್ನುವುದು ಬಾತ್‌ರೂಮು. ಹೊಸ ಮನೆ ಕಟ್ಟುವಾಗ ಬಾತ್‌ರೂಮ್ ಬರುವ ಕಡೆ ಸ್ಲ್ಯಾಬ್ ಅನ್ನು ಕೆಳಗಿಳಿಸಿ ಹಾಕುತ್ತಾರೆ. ಸಂಕನ್ ಸ್ಲ್ಯಾಬ್ ಅನ್ನುವುದು ಅದನ್ನೇ. ಪೈಪುಗಳು ಆ ಗುಂಡಿಯಲ್ಲಿ ಹೋಗುತ್ತವೆ. ನಿಮ್ಮ ತಾರಸಿ ಹಾಕುವಾಗ ಮೇಲೆ ಬಾತ್‌ರೂಮ್ ಬರುತ್ತದೆ ಅಂತ ಯಾರೂ ಯೋಚಿಸಿರುವುದಿಲ್ಲ. ಹಾಗಾಗಿ ಗುಂಡಿ ಇಲ್ಲ.

ಆಗ ಎರಡು ದಾರಿ. ಒಂದು, ಸ್ಲ್ಯಾಬ್‌ಗೆ ತೂತು ಹೊಡೆದು ಪೈಪನ್ನು ಕೆಳಗಿನ ಕೋಣೆಯ ಸೀಲಿಂಗ್ ಅಡಿಯಲ್ಲಿ ತೂಗುಹಾಕುವುದು. ಕೆಳಗೂ ಬಾತ್‌ರೂಮೇ ಇದ್ದರೆ ಇದು ಸರಿ. ಕೆಳಗೆ ದೇವರ ಮನೆಯೋ ಅಡುಗೆಮನೆಯೋ ಇದ್ದರೆ ಯಾರೂ ಒಪ್ಪುವುದಿಲ್ಲ ಅಲ್ವಾ? ಇನ್ನೊಂದು, ಬಾತ್‌ರೂಮಿನ ನೆಲವನ್ನೇ ಒಂದು ಮೆಟ್ಟಿಲಷ್ಟು ಎತ್ತರಿಸಿ, ಪೈಪನ್ನು ಆ ಎತ್ತರದೊಳಗೆ ಹಾಯಿಸಿ, ಗೋಡೆಯಿಂದ ಹೊರಗೆ ತೆಗೆಯುವುದು. ಕಮೋಡ್ ಪಿ-ಟ್ರಾಪ್ ಆಗಿದ್ದರೆ ಅದರ ಪೈಪು ಹಿಂದಿನ ಗೋಡೆಯಿಂದ ಹೊರಗೆ ಹೋಗುತ್ತದೆ, ಅದಕ್ಕೆ ಎತ್ತರ ಬೇಕಿಲ್ಲ. ಎತ್ತರ ಬೇಕಾಗುವುದು ಸ್ನಾನದ ನೀರು ಹೋಗುವ ನಾನಿ ಟ್ರಾಪ್‌ಗೆ.

ನಾವು ಎತ್ತರಿಸುವ ದಾರಿಯನ್ನೇ ಆರಿಸಿದೆವು. ಆ ಎತ್ತರವನ್ನು ಯಾವುದರಿಂದ ತುಂಬಿಸುತ್ತಾರೆ ಅನ್ನುವುದನ್ನು ಇಮೇಲ್‌ನಲ್ಲಿ ಕೇಳಿ. ಒಡೆದ ಪ್ಯಾರಪೆಟ್ಟಿನ ಇಟ್ಟಿಗೆ ಚೂರು ಸುರಿದು ಮುಚ್ಚಿಬಿಡುವುದು ಮೇಸ್ತ್ರಿಗಳಿಗೆ ಸುಲಭ. ಹಳೇ ಸ್ಲ್ಯಾಬ್‌ಗೆ ಅದು ಸುಮ್ನೆ ಭಾರ. ಹಗುರ ಬ್ಲಾಕಿನ ಚೂರು ಹಾಕಿಸುವುದು ಒಳ್ಳೆಯದು. ವಾಟರ್‌ಪ್ರೂಫಿಂಗ್ ಎರಡು ಕಡೆ ಬೇಕು: ತುಂಬಿಸುವ ಮುಂಚೆ ಹಳೇ ಸ್ಲ್ಯಾಬ್ ಮೇಲೆ, ತುಂಬಿಸಿದ ಮೇಲೆ ಟೈಲ್ಸ್ ಅಡಿಯಲ್ಲಿ. ಪ್ರತಿ ಸಲ ನೀರು ನಿಲ್ಲಿಸಿ ಎರಡು ದಿನ ಬಿಟ್ಟು, ಕೆಳಗಿನ ಸೀಲಿಂಗ್ ನೋಡಬೇಕು. ಇದನ್ನು ಬರಹದಲ್ಲಿ ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಈಗ ಇಮೇಲ್

ಕಾಂಟ್ರಾಕ್ಟರ್‌ಗಳು ಇಮೇಲ್ ನೋಡುತ್ತಾರಾ ಅಂತ ನೀವು ಕೇಳಬಹುದು. ಕಡಿಮೆ ನೋಡುತ್ತಾರೆ. ಅದಕ್ಕೇ ಇಮೇಲ್ ಹಾಕಿದ ತಕ್ಷಣ "ಸರ್, ಮೇಲ್ ಹಾಕಿದ್ದೇನೆ, ಒಂದ್ಸಲ ನೋಡಿ" ಅಂತ ವಾಟ್ಸಾಪ್ ಮಾಡಿ. ಆದರೂ ಇಮೇಲೇ ಬೇಕು. ಆರು ತಿಂಗಳಾದ ಮೇಲೆ "ನೀವು ಟ್ಯಾಂಕ್ ಸರಿಸುವುದು ಹೇಳಿರಲಿಲ್ಲ" ಅಂತ ಮಾತು ಬಂದಾಗ ಅದನ್ನು ತೆಗೆದು ತೋರಿಸಬಹುದು.

ಪಟ್ಟಿಯನ್ನು ಎಕ್ಸೆಲ್ ಶೀಟ್‌ನಲ್ಲಿ ಮಾಡಿ. ಆರು ಕಾಲಂ: ಕ್ರಮ ಸಂಖ್ಯೆ, ಬಾಬ್ತು, ಯೂನಿಟ್, ಪ್ರಮಾಣ, ದರ, ಮೊತ್ತ. ಮೊದಲ ನಾಲ್ಕನ್ನು ನೀವೇ ತುಂಬಿಸಿ. ದರದ ಕಾಲಂ ಮಾತ್ರ ಖಾಲಿ ಬಿಡಿ. ಮೊತ್ತದ ಕಾಲಂನಲ್ಲಿ ಲೆಕ್ಕ ತಾನಾಗಿ ಬರುವ ಹಾಗೆ ಇಡಿ:

```
=D2*E2
```

ಇಲ್ಲಿ D ಅಂದರೆ ಪ್ರಮಾಣ, E ಅಂದರೆ ದರ. ಪ್ರಮಾಣವನ್ನು ನೀವೇ ತುಂಬುವುದರಿಂದ ಎಲ್ಲರೂ ಒಂದೇ ಅಳತೆಗೆ ದರ ಹಾಕುತ್ತಾರೆ. ಹೋಲಿಸುವುದು ಸುಲಭವಾಗುತ್ತದೆ. ನಿಮ್ಮ ಅಳತೆ ತಪ್ಪು ಅಂತ ಅವರಿಗೆ ಅನ್ನಿಸಿದರೆ ಪಕ್ಕದಲ್ಲಿ ಬರೆಯಲಿ.

ನಾನು ಕಳಿಸಿದ ಇಮೇಲ್ ಹೆಚ್ಚುಕಡಿಮೆ ಹೀಗಿತ್ತು.

ವಿಷಯ: ಮೊದಲ ಮಹಡಿಯಲ್ಲಿ 12×14 ಕೋಣೆ ಮತ್ತು ಬಾತ್‌ರೂಮ್ – ಬಾಬ್ತುವಾರು ಎಸ್ಟಿಮೇಟ್ ಬೇಕಾಗಿದೆ – ಮೈಸೂರು

ನಮಸ್ಕಾರ ಸರ್,

ಹೋದ ವಾರ ಫೋನಿನಲ್ಲಿ ಮಾತಾಡಿದ್ದೆವು. ನಮ್ಮ ಮನೆಯ (30×40 ಸೈಟ್, ಈಗ ನೆಲಮಹಡಿ ಮಾತ್ರ) ಮೇಲೆ ಒಂದು ಕೋಣೆ ಕಟ್ಟಿಸಬೇಕು. ಕೋಣೆಯ ಒಳ ಅಳತೆ 12×14 ಅಡಿ, ಬಾತ್‌ರೂಮಿನ ಒಳ ಅಳತೆ 5×8 ಅಡಿ. ನೆಲದಿಂದ ಸ್ಲ್ಯಾಬಿನ ಅಡಿಗೆ ಎತ್ತರ 10 ಅಡಿ. ಗೋಡೆ 6 ಇಂಚು ಸಾಲಿಡ್ ಬ್ಲಾಕ್. ಹೊಸ ಸ್ಲ್ಯಾಬ್ 5 ಇಂಚು ದಪ್ಪ, ಸುಮಾರು 245 ಚದರ ಅಡಿ. ಎಂಜಿನಿಯರ್ ಡ್ರಾಯಿಂಗ್, ಕಂಬಿಯ ಲೆಕ್ಕ ಮತ್ತು ತಾರಸಿಯ ಫೋಟೊ ಜೊತೆಗಿದೆ.

ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬೇಡ. ಜೊತೆಗಿರುವ ಶೀಟ್‌ನಲ್ಲಿ ಒಂದೊಂದು ಬಾಬ್ತಿಗೂ ದರ ತುಂಬಿಸಿ ಕೊಡಿ. ಸಾಮಾನು ಮತ್ತು ಕೂಲಿ ಎರಡೂ ಸೇರಿದ ದರ ಇರಲಿ. ನಿಮ್ಮ ದರದಲ್ಲಿ ಸೇರದ ಕೆಲಸ ಇದ್ದರೆ ಆ ಸಾಲಿನಲ್ಲಿ "ಸೇರಿಲ್ಲ" ಅಂತ ಬರೆಯಿರಿ, ಖಾಲಿ ಬಿಡಬೇಡಿ.

ಶೀಟ್‌ನಲ್ಲಿರುವ ಬಾಬ್ತುಗಳು:
1. ಪ್ಯಾರಪೆಟ್ ಮತ್ತು ಇಳಿಜಾರು ಗಾರೆ ಒಡೆಯುವುದು, ಕಸ ಹೊರಗೆ ಸಾಗಿಸುವುದು
2. ಹಳೇ ಕಂಬಿ ಬಿಡಿಸಿ ಶುಚಿ ಮಾಡುವುದು. ಎರಡು ಕಂಬಗಳಲ್ಲಿ ಉದ್ದ ಸಾಲದ ಕಡೆ ಜೋಡಿಸುವುದು
3. ಕಂಬ, ಬೀಮ್, ಲಿಂಟಲ್, ಸ್ಲ್ಯಾಬ್ ಕಾಂಕ್ರೀಟ್ (ಎಂ20) – ಘನ ಅಡಿಗೆ, ಸೆಂಟ್ರಿಂಗ್ ಸೇರಿ
4. ಕಂಬಿ – ಕೆಜಿಗೆ, ಕಟ್ಟುವ ಕೂಲಿ ಸೇರಿ
5. ಬ್ಲಾಕ್ ಗೋಡೆ – ಚದರ ಅಡಿಗೆ
6. ಒಳಗೆ, ಹೊರಗೆ ಗಾರೆ – ಚದರ ಅಡಿಗೆ, ಸಾರುವೆ ಸೇರಿ
7. ಬಾತ್‌ರೂಮ್ ನೆಲ ಎತ್ತರಿಸುವುದು, ಎರಡು ಹಂತದ ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ಪರೀಕ್ಷೆ
8. ಟೈಲ್ಸ್ – ಚದರ ಅಡಿಗೆ 60 ರೂ. ಬೆಲೆಯ ಟೈಲ್ಸ್ ಅಂದುಕೊಂಡು
9. ಬಾಗಿಲು 2, ಕಿಟಕಿ 2, ವೆಂಟಿಲೇಟರ್ 1 – ಒಂದೊಂದಕ್ಕೆ
10. ವೈರಿಂಗ್ – ಪಾಯಿಂಟ್‌ಗೆ
11. ಪೈಪು, ಕಮೋಡ್, ನಲ್ಲಿ, ಕೆಳಗಿನ ಚೇಂಬರ್‌ಗೆ ಸೇರಿಸುವುದು
12. ಟ್ಯಾಂಕ್ ಮತ್ತು ಸೋಲಾರ್ ತಾತ್ಕಾಲಿಕವಾಗಿ ಸರಿಸಿ, ಕೊನೆಗೆ ಹೊಸ ಸ್ಲ್ಯಾಬ್ ಮೇಲೆ ಕೂರಿಸುವುದು
13. ಹೊಸ ತಾರಸಿಗೆ ಪ್ಯಾರಪೆಟ್, ಇಳಿಜಾರು ಗಾರೆ, ವಾಟರ್‌ಪ್ರೂಫಿಂಗ್
14. ಪುಟ್ಟಿ, ಪ್ರೈಮರ್, ಪೇಂಟ್ – ಚದರ ಅಡಿಗೆ

ಇವಿಷ್ಟಕ್ಕೂ ಉತ್ತರ ಬೇಕು: ಸಿಮೆಂಟ್, ಕಂಬಿ, ಪೈಪು, ವೈರ್ ಯಾವ ಕಂಪನಿಯದು ಹಾಕುತ್ತೀರಿ? ಸಾಮಾನು ಮೇಲೆ ಏರಿಸುವ ಕೂಲಿ ದರದಲ್ಲಿ ಸೇರಿದೆಯಾ? ಜಿಎಸ್‌ಟಿ ಸೇರಿದೆಯಾ, ಬೇರೆಯಾ? ಕೆಲಸದ ನಡುವೆ ಕೆಳಗಿನ ಮನೆಯಲ್ಲಿ ಸೋರಿಕೆ ಅಥವಾ ಬಿರುಕು ಬಂದರೆ ರಿಪೇರಿ ಯಾರದು? ಎಷ್ಟು ದಿನದಲ್ಲಿ ಮುಗಿಯುತ್ತದೆ? ಈ ದರ ಎಷ್ಟು ದಿನ ಇರುತ್ತದೆ? ಹಣ ಯಾವ ಯಾವ ಹಂತಕ್ಕೆ ಎಷ್ಟು?

ಜಾಗ ನೋಡಲು ಶನಿವಾರ ಅಥವಾ ಭಾನುವಾರ ಬೆಳಿಗ್ಗೆ ಬಂದರೆ ಒಳ್ಳೆಯದು. ಮುಂದಿನ ಶುಕ್ರವಾರದೊಳಗೆ ಎಸ್ಟಿಮೇಟ್ ಕಳಿಸಿದರೆ ಸಹಾಯವಾಗುತ್ತದೆ. ಇನ್ನೊಬ್ಬರ ಹತ್ತಿರವೂ ಇದೇ ಶೀಟ್ ಕೊಟ್ಟು ಕೇಳುತ್ತಿದ್ದೇನೆ.

ವಂದನೆಗಳು,
(ಹೆಸರು, ಫೋನ್ ನಂಬರ್, ಮನೆಯ ಲೊಕೇಶನ್ ಲಿಂಕ್)

ಕೊನೆಯ ಸಾಲಿನ ಬಗ್ಗೆ ಮನೆಯಲ್ಲಿ ಚರ್ಚೆಯಾಯಿತು. "ಇನ್ನೊಬ್ಬರನ್ನೂ ಕೇಳ್ತಿದೀವಿ ಅಂತ ಯಾಕೆ ಹೇಳ್ಬೇಕು, ಬೇಜಾರಾಗಲ್ವಾ?" ಅಂದಳು ಹೆಂಡತಿ. ನನಗೆ ಹೇಳುವುದೇ ಸರಿ ಅನ್ನಿಸಿತು. ಮುಚ್ಚಿಟ್ಟರೆ ಆಮೇಲೆ ಹೇಗೂ ಗೊತ್ತಾಗುತ್ತದೆ.

ಟೈಲ್ಸ್ ಸಾಲಿನಲ್ಲಿ 60 ರೂಪಾಯಿ ಅಂತ ಬರೆದದ್ದಕ್ಕೆ ಕಾರಣ ಇದೆ. ಟೈಲ್ಸ್ ಇನ್ನೂ ಆರಿಸಿರಲಿಲ್ಲ. ಬೆಲೆ ಬರೆಯದಿದ್ದರೆ ಒಬ್ಬರು 40ರ ಟೈಲ್ಸ್ ಅಂದುಕೊಂಡು ದರ ಹಾಕುತ್ತಾರೆ, ಇನ್ನೊಬ್ಬರು 80ರದು. ಒಂದು ಬೆಲೆ ಹಿಡಿದುಕೊಟ್ಟರೆ ಇಬ್ಬರೂ ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ. ಅಂಗಡಿಯಲ್ಲಿ ನೀವು 75ರ ಟೈಲ್ಸ್ ಮೆಚ್ಚಿದರೆ 15 ರೂಪಾಯಿ ಮಾತ್ರ ಜಾಸ್ತಿ ಕೊಡಬೇಕು ಅಂತ ಇಬ್ಬರಿಗೂ ಗೊತ್ತಿರುತ್ತದೆ. ಕಮೋಡ್, ನಲ್ಲಿಗಳಿಗೂ ಹೀಗೇ ಮಾಡಬಹುದು.

ಉತ್ತರ ಬಂದಮೇಲೆ

ಒಬ್ಬರು ನಾಲ್ಕು ದಿನಕ್ಕೆ ಕಳಿಸಿದರು. 5 ಲಕ್ಷ 40 ಸಾವಿರದವರು ಎರಡು ಸಲ ಫೋನ್ ಮಾಡಿಸಿಕೊಂಡು ಹತ್ತನೇ ದಿನ ಕಳಿಸಿದರು. ಮೊತ್ತ ಅದೇ ಇತ್ತು. ಆದರೆ ಈಗ ನಾಲ್ಕು ಸಾಲುಗಳಲ್ಲಿ "ಸೇರಿಲ್ಲ" ಅಂತ ಬರೆದಿದ್ದರು: ಒಡೆಯುವುದು ಮತ್ತು ಕಸ ಸಾಗಣೆ, ಟ್ಯಾಂಕ್ ಮತ್ತು ಸೋಲಾರ್, ಬಾತ್‌ರೂಮ್ ವಾಟರ್‌ಪ್ರೂಫಿಂಗ್, ಹೊಸ ತಾರಸಿಯ ಪ್ಯಾರಪೆಟ್ ಮತ್ತು ಗಾರೆ.

ಆ ನಾಲ್ಕಕ್ಕೂ ಬೇರೆ ದರ ಕೇಳಿದೆ. ಕ್ರಮವಾಗಿ 18, 22, 14 ಮತ್ತು 38 ಸಾವಿರ ಬಂತು. ಕೂಡಿದರೆ 92 ಸಾವಿರ. ಅಂದರೆ ಅವರ ನಿಜವಾದ ಎಸ್ಟಿಮೇಟ್ 6 ಲಕ್ಷ 32 ಸಾವಿರ. ಇನ್ನೊಬ್ಬರ 6 ಲಕ್ಷ 45 ಸಾವಿರದಲ್ಲಿ ಎಲ್ಲವೂ ಸೇರಿತ್ತು. ಒಂದು ಲಕ್ಷದ ಐದು ಸಾವಿರದ ವ್ಯತ್ಯಾಸ 13 ಸಾವಿರಕ್ಕೆ ಇಳಿಯಿತು. ಯಾರೂ ಮೋಸ ಮಾಡಿರಲಿಲ್ಲ. ಕೋಣೆ ಅಂದರೆ ಏನೇನು ಅನ್ನುವುದನ್ನು ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಂಡಿದ್ದರು ಅಷ್ಟೆ.

ಇನ್ನು ಅಳತೆ. ಕಡಿಮೆ ಹೇಳಿದವರು ನನ್ನ ಗೋಡೆಯ ಅಳತೆಯನ್ನು ತಿದ್ದಿ 657 ಚದರ ಅಡಿ ಅಂತ ಹಾಕಿದ್ದರು. ನನ್ನದು 575 ಇತ್ತು. ಹೇಗೆ ಅಂತ ನೋಡೋಣ. ಕೋಣೆಯ ನಾಲ್ಕು ಗೋಡೆ ಸುಮಾರು 54 ಅಡಿ, ಬಾತ್‌ರೂಮಿನ ಉಳಿದ ಮೂರು ಗೋಡೆ 19 ಅಡಿ, ಒಟ್ಟು 73 ಅಡಿ ಉದ್ದ. ಬೀಮ್ ಕಳೆದು ಗೋಡೆಯ ಎತ್ತರ 9 ಅಡಿ. 73 ಗುಣಿಸು 9, ಅಂದರೆ 657. ಅವರು ಇಲ್ಲಿಗೆ ನಿಲ್ಲಿಸಿದ್ದರು. ಅದರಲ್ಲಿ ಒಂದು ಬಾಗಿಲು 21, ಬಾತ್‌ರೂಮ್ ಬಾಗಿಲು ಹದಿನೇಳೂವರೆ, ಎರಡು ಕಿಟಕಿ ಸೇರಿ 40, ವೆಂಟಿಲೇಟರ್ 3 ಚದರ ಅಡಿ ಕಳೆಯಬೇಕು. ಅಲ್ಲಿ ಗೋಡೆಯೇ ಇಲ್ಲವಲ್ಲ. ಉಳಿಯುವುದು 575.

ಫೋನ್ ಮಾಡಿದಾಗ ಅವರು ಹೇಳಿದ್ದು: "ಬಾಗಿಲು ಕಿಟಕಿ ಹತ್ರ ಅಂಚು ಕಟ್ಟೋಕೆ ಕೂಲಿ ಜಾಸ್ತಿ ಬೀಳುತ್ತೆ ಸರ್." ಮಾತಿನಲ್ಲಿ ಸತ್ಯ ಇದೆ. ಗಾರೆಯ ವಿಷಯದಲ್ಲಿ ಸರ್ಕಾರಿ ಅಳತೆಯ ನಿಯಮ, ಅಂದರೆ ಐಎಸ್ 1200, ಕೂಡ ಇದನ್ನು ಒಪ್ಪುತ್ತದೆ. ಅರ್ಧ ಚದರ ಮೀಟರ್‌ಗಿಂತ ಚಿಕ್ಕ ತೆರಪಿದ್ದರೆ ಗಾರೆಯಲ್ಲಿ ಏನೂ ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದು, 3 ಚದರ ಮೀಟರ್ ಒಳಗಿನದು ಆಗಿದ್ದರೆ, ಎರಡೂ ಬದಿ ಒಂದೇ ಥರ ಗಾರೆ ಮಾಡುವಾಗ ಒಂದು ಬದಿಯಲ್ಲಿ ಮಾತ್ರ ಕಳೆಯುತ್ತಾರೆ. ಇನ್ನೊಂದು ಬದಿಯದ್ದು ಅಂಚಿನ ಕೆಲಸಕ್ಕೆ ಸರಿಹೋಯಿತು ಅಂತ ಲೆಕ್ಕ. ನಮ್ಮ ಕಿಟಕಿ ಒಂದೊಂದೂ 20 ಚದರ ಅಡಿ, ಅಂದರೆ ಹತ್ತಿರ ಹತ್ತಿರ 1.9 ಚದರ ಮೀಟರ್. ಅದಕ್ಕೆ ಒಂದು ಬದಿ. ವೆಂಟಿಲೇಟರ್‌ಗೆ ಏನೂ ಇಲ್ಲ. ಆದರೆ ಬ್ಲಾಕ್ ಗೋಡೆಯಲ್ಲಿ ಬಾಗಿಲು ಕಿಟಕಿ ಪೂರ್ತಿ ಕಳೆಯಲೇಬೇಕು. ಗಾರೆಯಲ್ಲಿ ಅವರ ಮಾತು ಒಪ್ಪಿದೆ, ಗೋಡೆಯಲ್ಲಿ ಅವರು ನನ್ನ ಮಾತು ಒಪ್ಪಿದರು. ಸುಮಾರು ಒಂಬತ್ತು ಸಾವಿರ ಕಡಿಮೆಯಾಯಿತು.

ಕಾಂಕ್ರೀಟ್ ಸರಿಯಿದೆಯಾ ಅಂತ ನೋಡಲು ಒಂದು ಸಣ್ಣ ಲೆಕ್ಕ ಸಾಕು. ಸ್ಲ್ಯಾಬ್ 245 ಚದರ ಅಡಿ, ದಪ್ಪ 5 ಇಂಚು. ಗುಣಿಸಿ 12ರಿಂದ ಭಾಗಿಸಿದರೆ 102 ಘನ ಅಡಿ. ಯಾರಾದರೂ 130 ಅಂತ ಬರೆದರೆ ಸನ್‌ಶೇಡ್ ಸೇರಿಸಿದ್ದಾರಾ ಅಂತ ಕೇಳಿ. 90 ಅಂತ ಬರೆದರೆ ಇನ್ನೂ ಹುಷಾರು, ನಾಲ್ಕೂವರೆ ಇಂಚು ಸ್ಲ್ಯಾಬ್ ಅಂದುಕೊಂಡಿರುತ್ತಾರೆ.

ಕಂಬಿಯ ಸಾಲಿನಲ್ಲಿ ಒಬ್ಬರು "ಬಂದಷ್ಟು" ಅಂತ ಬರೆದಿದ್ದರು. ಇದನ್ನು ಒಪ್ಪಬೇಡಿ. ಎಂಜಿನಿಯರ್ ಕೊಟ್ಟ 700 ಕೆಜಿಗೆ ದರ ಹಾಕಿಸಿ, ನಿಜವಾಗಿ ಬಳಸಿದ್ದಕ್ಕೆ ತೂಕದ ಚೀಟಿ ನೋಡಿ ಹಣ ಕೊಡುತ್ತೇನೆ ಅಂತ ಬರೆಯಿರಿ. ಲಾರಿ ಬಂದಾಗ ನೀವೇ ಅಂದಾಜು ಮಾಡಬಹುದು: 12 ಎಂಎಂ ಕಂಬಿ 12 ಮೀಟರ್ ಉದ್ದದ್ದು ಒಂದಕ್ಕೆ ಸುಮಾರು 10.7 ಕೆಜಿ ಇರುತ್ತದೆ. ಎಣಿಸಿ ಗುಣಿಸಿದರೆ ಆಯಿತು.

ದಿನಗಳ ಲೆಕ್ಕವನ್ನೂ ಒಂದ್ಸಲ ನೋಡಿ. ಇಬ್ಬರಲ್ಲಿ ಒಬ್ಬರು 35 ದಿನ ಅಂದಿದ್ದರು. ಕೇಳಲು ಚೆನ್ನಾಗಿದೆ. ಆದರೆ ಸ್ಲ್ಯಾಬ್ ಬಿದ್ದಮೇಲೆ ಬೀಮ್ ಕೆಳಗಿನ ಆಸರೆಯನ್ನು 14 ದಿನ ತೆಗೆಯುವ ಹಾಗಿಲ್ಲ. ಸಾಮಾನ್ಯ ಸಿಮೆಂಟ್ ಆದರೆ ಕನಿಷ್ಠ 7 ದಿನ, ಈಗ ಅಂಗಡಿಗಳಲ್ಲಿ ಜಾಸ್ತಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ 10 ದಿನ ನೀರು ಹಾಕಬೇಕು. ಆಸರೆ ನಿಂತಿರುವಾಗ ಒಳಗೆ ಗಾರೆ ಕೆಲಸ ಆಗುವುದಿಲ್ಲ. ಕಂಬ, ಗೋಡೆ, ಗಾರೆ ಎಲ್ಲಕ್ಕೂ ಅದರದರ ದಿನ ಕೂಡಿಸಿದರೆ 35 ದಿನಕ್ಕೆ ಮುಗಿಯುವ ಕೆಲಸ ಇದಲ್ಲ. ಅಷ್ಟರಲ್ಲಿ ಮುಗಿಸಿದರೆ ಎಲ್ಲೋ ಆಸರೆ ಬೇಗ ತೆಗೆದಿದ್ದಾರೆ ಅಂತಲೇ ಅರ್ಥ.

ಎರಡನೇ ಇಮೇಲ್

ಒಂದೇ ಇಮೇಲ್‌ನಲ್ಲಿ ಎಲ್ಲ ಮುಗಿಯುವುದಿಲ್ಲ. ಫೋನಿನಲ್ಲಿ ಮಾತಾಡಿದ್ದನ್ನು ಮತ್ತೆ ಬರಹಕ್ಕೆ ತರಲು ಇನ್ನೊಂದು ಬೇಕು. ಇದು ಚಿಕ್ಕದಿರಲಿ. 5 ಲಕ್ಷ 40 ಸಾವಿರದವರಿಗೆ ನಾನು ಹೀಗೆ ಬರೆದೆ:

ನಮಸ್ಕಾರ ಸರ್,

ನಿಮ್ಮ ಎಸ್ಟಿಮೇಟ್ ಸಿಕ್ಕಿತು, ಧನ್ಯವಾದ. ನಿನ್ನೆ ಫೋನಿನಲ್ಲಿ ಮಾತಾಡಿದಂತೆ: ಬ್ಲಾಕ್ ಗೋಡೆ 575 ಚದರ ಅಡಿ. ಸೇರಿಲ್ಲ ಅಂತ ಬರೆದಿದ್ದ ನಾಲ್ಕು ಬಾಬ್ತುಗಳನ್ನು ಒಟ್ಟು 92 ಸಾವಿರಕ್ಕೆ ಸೇರಿಸಿದ್ದೇವೆ. ಕಂಬಿಗೆ ತೂಕದ ಚೀಟಿ ನೋಡಿ ಹಣ. ಕೆಳಗಿನ ಮನೆಯಲ್ಲಿ ಸೋರಿಕೆ ಬಂದರೆ ರಿಪೇರಿ ನಿಮ್ಮದು. ತಿದ್ದಿದ ಶೀಟ್ ಜೊತೆಗಿದೆ. ಹೀಗೇ ಸರಿ ಇದ್ದರೆ "ಒಪ್ಪಿಗೆ" ಅಂತ ಈ ಮೇಲ್‌ಗೆ ಉತ್ತರ ಕೊಡಿ.

ಹಣದ ಹಂತಗಳನ್ನು ಇಲ್ಲೇ ಗಟ್ಟಿ ಮಾಡಿಕೊಳ್ಳಿ. ಅವರು ಕೇಳಿದ್ದು ಶುರುವಿಗೇ ಅರ್ಧ. ನಾವು ಒಪ್ಪಿದ್ದು ಮುಂಗಡ 15 ಶೇಕಡಾ, ಗೋಡೆ ಲಿಂಟಲ್ ಮಟ್ಟಕ್ಕೆ ಬಂದಾಗ 25, ಸ್ಲ್ಯಾಬ್ ಬಿದ್ದಮೇಲೆ 25, ಗಾರೆ ಮುಗಿದಮೇಲೆ 15, ಎಲ್ಲ ಮುಗಿದ ದಿನ 12. ಉಳಿದ 8 ಶೇಕಡಾ ಒಂದು ಮಳೆಗಾಲ ಕಳೆದಮೇಲೆ. ಆ ಕೊನೆಯ 8ಕ್ಕೆ ಅವರು ಸ್ವಲ್ಪ ಮುಖ ಸಪ್ಪೆ ಮಾಡಿದರು. ಹಳೇ ಪ್ಯಾರಪೆಟ್ ಇದ್ದ ಕಡೆ ಹೊಸ ಗೋಡೆ ಹಳೇ ಸ್ಲ್ಯಾಬನ್ನು ಸೇರುವ ಜಾಗವೇ ಸೋರುವುದು, ಅದು ಜೂನ್, ಜುಲೈ ಮಳೆಗಲ್ಲದೆ ಗೊತ್ತಾಗುವುದಿಲ್ಲ ಅಂದಾಗ ಒಪ್ಪಿಕೊಂಡರು.

ಇನ್ನೊಂದು ಸಾಲನ್ನು ನಾನು ಎಂಜಿನಿಯರ್ ಹೇಳಿದ ಮೇಲೆ ಸೇರಿಸಿದೆ: ಪಟ್ಟಿಯಲ್ಲಿ ಇಲ್ಲದ ಕೆಲಸ ಬಂದರೆ, ಮುಂಚೆ ದರ ಮೇಲ್‌ನಲ್ಲಿ ಒಪ್ಪಿಕೊಂಡು ಆಮೇಲೆ ಕೆಲಸ. ಗೋಡೆ ಏಳುವಾಗ ಕಿಟಕಿಯೊಂದನ್ನು ಎರಡು ಅಡಿ ಪಕ್ಕಕ್ಕೆ ಸರಿಸಿ ಅಂತ ನಾವೇ ಹೇಳಿದೆವು. ಕಟ್ಟಿದ ಗೋಡೆ ಒಡೆದು ಮತ್ತೆ ಕಟ್ಟಬೇಕಾಯಿತು. ಕೊನೆಯ ಬಿಲ್‌ನಲ್ಲಿ "ಎಕ್ಸ್‌ಟ್ರಾ" ಅಂತ ಇದ್ದದ್ದು ಅದೊಂದೇ ಸಾಲು. ಅದರ ದರ ಬ್ಲಾಕ್ ಗೋಡೆಯ ಸಾಲಿನಿಂದಲೇ ತೆಗೆದದ್ದಾಗಿತ್ತು.